ಮೂರು ಸಾವಿರ ದಿರ್ಹಮ್: ಅದರಲ್ಲಿ ಬೇಸಿಕ್ ಎಷ್ಟು?

ಹುಂಚ, ರಿಪ್ಪನ್‌ಪೇಟೆ, ಕೋಣಂದೂರು ಕಡೆಯ ಹುಡುಗರಿಗೆ ಗಲ್ಫ್ ಕೆಲಸದ ಪತ್ರ ಮೊದಲು ಕಾಗದವಾಗಿ ಬರುವುದು ಕಡಿಮೆ, ಫೋಟೊ ಆಗಿ ಬರುವುದೇ ಹೆಚ್ಚು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಏಜೆನ್ಸಿಯವರು ಮೇಜಿನ ಮೇಲಿಟ್ಟು ತೋರಿಸಿದ ಹಾಳೆಯನ್ನು ಹುಡುಗ ಅವಸರದಲ್ಲಿ ಮೊಬೈಲಿನಲ್ಲಿ ಹಿಡಿದುಕೊಂಡಿರುತ್ತಾನೆ. ಇಲ್ಲವೇ ದುಬೈಯಲ್ಲಿರುವ ನೆಂಟರೊಬ್ಬರು ಕಂಪ್ಯೂಟರ್ ಪರದೆಯ ಚಿತ್ರ ತೆಗೆದು ವಾಟ್ಸಾಪ್‌ಗೆ ಹಾಕಿರುತ್ತಾರೆ. ಆ ಚಿತ್ರ ಮನೆಯವರ ಗುಂಪಿಗೆ ಹೋಗುತ್ತದೆ. ಅಲ್ಲಿಂದ ನಿವೃತ್ತ ಮೇಷ್ಟ್ರಿಗೆ, ಸೊಸೈಟಿ ಕಾರ್ಯದರ್ಶಿಗೆ, ಬ್ಯಾಂಕಿನಲ್ಲಿರುವ ಚಿಕ್ಕಪ್ಪನಿಗೆ. ಇವರೆಲ್ಲ ಇಂಗ್ಲಿಷ್ ಬಲ್ಲವರು, ಸಂಬಳದ ಚೀಟಿ ನೋಡಿ ಪಳಗಿದವರು. ಆದರೆ ಅವರು ನೋಡಿ ಪಳಗಿದ್ದು ಇಲ್ಲಿನ ಸರ್ಕಾರಿ ಸಂಬಳದ ಚೀಟಿ. ತೊಡಕು ಶುರುವಾಗುವುದೇ ಅಲ್ಲಿ.

ಸರ್ಕಾರಿ ನೌಕರನಿಗೆ ಬೇಸಿಕ್ ಅಂದರೆ ವರ್ಷವರ್ಷವೂ ಏರುವ ಮೂಲ ವೇತನ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ತಾವಾಗಿಯೇ ಬೆಳೆಯುತ್ತವೆ. ಪ್ರೊಬೇಷನ್ ಅಂದರೆ ಎರಡು ವರ್ಷ ತಗ್ಗಿ ಬಗ್ಗಿ ನಡೆದು, ಆಮೇಲೆ ಕಾಯಂ ಆಗುವುದು. ನೋಟಿಸ್ ಅಂದರೆ ತಪ್ಪು ಮಾಡಿದವನಿಗೆ ಮೇಲಧಿಕಾರಿ ಕೊಡುವ ಕಾಗದ. ಈ ಮೂರೂ ಅರ್ಥಗಳನ್ನು ಇಟ್ಟುಕೊಂಡು ದುಬೈ ಪತ್ರ ಓದಿದರೆ ಒಂದೊಂದು ಸಾಲೂ ಸರಿಯಾಗಿಯೇ ಓದಿದ ಹಾಗೆ ಕಾಣುತ್ತದೆ, ಒಟ್ಟು ಅರ್ಥ ಮಾತ್ರ ಕೈತಪ್ಪುತ್ತದೆ. ಅಲ್ಲಿ ತುಟ್ಟಿಭತ್ಯೆ ಇಲ್ಲ, ಕಾಯಂ ಎನ್ನುವುದಿಲ್ಲ, ಭವಿಷ್ಯನಿಧಿ ಇಲ್ಲ. ಇರುವುದು ಅವಧಿ ಗೊತ್ತುಮಾಡಿದ ಒಂದು ಕರಾರು ಮತ್ತು ಅದರ ಹಿಂದಿನ ಕಾನೂನು.

ಯು.ಎ.ಇ.ಯ ಮಾನವ ಸಂಪನ್ಮೂಲ ಸಚಿವಾಲಯ ಖಾಸಗಿ ಕಂಪನಿಗಳ ಉದ್ಯೋಗ ಪತ್ರಕ್ಕೆ ಒಂದು ನಿಗದಿತ ನಮೂನೆ ಮಾಡಿ 2016ರಿಂದ ಜಾರಿಗೆ ತಂದಿದೆ. ಅರಬ್ಬಿ ಮತ್ತು ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಅದು ಸಿಗಬೇಕು ಎಂಬುದು ಏರ್ಪಾಡು. ಒಟ್ಟು 11 ಭಾಷೆಗಳಿವೆ. ಭಾರತದವುಗಳಲ್ಲಿ ಹಿಂದಿ, ಉರ್ದು, ಬಂಗಾಳಿ, ಮಲಯಾಳಂ, ತಮಿಳು ಇವೆ, ಕನ್ನಡ ಇಲ್ಲ. ಕಾಸರಗೋಡಿನ ಮಲಯಾಳಿ ಹುಡುಗ ತನ್ನ ಪ್ರೊಬೇಷನ್ ಷರತ್ತನ್ನು ತನ್ನ ಭಾಷೆಯಲ್ಲಿ ಓದಿ ಸಹಿ ಹಾಕಬಹುದು. ಅದೇ ಊರಿನ ಕನ್ನಡ ಹುಡುಗ, ನಮ್ಮ ಹುಂಚದ ಹುಡುಗ, ಇಂಗ್ಲಿಷನ್ನೋ ಹಿಂದಿಯನ್ನೋ ಆರಿಸಿಕೊಳ್ಳಬೇಕು. ಹಾಗಾಗಿ ನಮ್ಮಲ್ಲಿ ಕನ್ನಡ ಮಾಡುವ ಕೆಲಸ ಮನೆಯ ಜಗಲಿಯಲ್ಲೇ ನಡೆಯುತ್ತದೆ, ಅದೂ ಫೋಟೊ ನೋಡಿಕೊಂಡು.

ಫೋಟೊದ ವಿಷಯವನ್ನೇ ಮೊದಲು ಮುಗಿಸೋಣ. ಹೆಚ್ಚಿನವರು ಮೊದಲ ಪುಟ ಮಾತ್ರ ತೆಗೆದಿರುತ್ತಾರೆ. ಅದರಲ್ಲಿ ಹೆಸರು, ಹುದ್ದೆ, ದಪ್ಪ ಅಕ್ಷರದಲ್ಲಿ ಒಟ್ಟು ಸಂಬಳ ಇರುತ್ತವೆ. ಪ್ರೊಬೇಷನ್, ನೋಟಿಸ್, ರಜೆ, ಕೆಲಸ ಬಿಟ್ಟರೆ ಏನು ಎಂಬುದೆಲ್ಲ ಎರಡನೆಯ ಮೂರನೆಯ ಪುಟದಲ್ಲಿರುತ್ತದೆ. ಪುಟದ ಕೆಳಗೆ ಒಟ್ಟು ಪುಟ ಎಷ್ಟೆಂದು ಅಚ್ಚಾಗಿದ್ದರೆ ಅದನ್ನು ನೋಡಿ ಉಳಿದವನ್ನು ತರಿಸಿಕೊಳ್ಳಬೇಕು. ಮೂಲೆಯ ಬಾರ್‌ಕೋಡ್ ಮತ್ತು ವ್ಯವಹಾರ ಸಂಖ್ಯೆ ಚಿತ್ರದಲ್ಲಿ ಕತ್ತರಿಸಿ ಹೋಗಿರಬಾರದು. ಸಚಿವಾಲಯದ ಜಾಲತಾಣದಲ್ಲಿ ಪತ್ರ ನಿಜವೋ ಸುಳ್ಳೋ ಎಂದು ಹುಡುಕಲು ಬೇಕಾಗುವುದು ಆ ಸಂಖ್ಯೆಯೇ.

ಅಂಕಿಗಳಲ್ಲೂ ಬಲೆಯಿದೆ. ಕುವೈತ್, ಬಹರೈನ್, ಒಮಾನ್‌ಗಳ ನಾಣ್ಯ ನೂರು ಭಾಗವಾಗುವುದಿಲ್ಲ, ಸಾವಿರ ಭಾಗವಾಗುತ್ತದೆ. ಅಲ್ಲಿನ ಪತ್ರದಲ್ಲಿ 250.000 ಎಂದಿದ್ದರೆ ಇನ್ನೂರೈವತ್ತು ದಿನಾರ್ ಇಲ್ಲವೇ ರಿಯಾಲ್, ಎರಡೂವರೆ ಲಕ್ಷ ಅಲ್ಲ. ಮಸುಕಾದ ಚಿತ್ರದಲ್ಲಿ ಚುಕ್ಕಿ ಅಲ್ಪವಿರಾಮದ ಹಾಗೆ ಕಂಡರೆ ಮನೆಯವರ ಲೆಕ್ಕ ಎಲ್ಲಿಗೋ ಹೋಗುತ್ತದೆ. ಅರಬ್ಬಿ ಕಾಲಮ್ಮಿನಲ್ಲಿ ಇನ್ನೊಂದು ತಮಾಷೆ: ಅಲ್ಲಿ ಸೊನ್ನೆಗೆ ಬರೀ ಚುಕ್ಕಿ, ಐದಕ್ಕೆ ದುಂಡನೆಯ ಬಳೆಯಂಥ ಗುರುತು. ಕನ್ನಡ ಸೊನ್ನೆ ನೋಡಿ ಬೆಳೆದ ಕಣ್ಣಿಗೆ ಅವರ ಐದು ಸೊನ್ನೆಯಾಗಿ, ಅವರ ಸೊನ್ನೆ ಶಾಯಿ ಸಿಡಿದ ಕಲೆಯಾಗಿ ಕಾಣುತ್ತದೆ. ಇದನ್ನು ತಿಳಿದಿರಬೇಕಾದ್ದಕ್ಕೆ ಕಾರಣವಿದೆ. ಎರಡು ಭಾಷೆಯ ಪಠ್ಯದಲ್ಲಿ ವ್ಯತ್ಯಾಸ ಬಂದರೆ ಯು.ಎ.ಇ.ಯಲ್ಲಿ ನಿಲ್ಲುವುದು ಅರಬ್ಬಿ ಪಠ್ಯ. ಆದ್ದರಿಂದ ಅಕ್ಷರ ಬರದಿದ್ದರೂ ಅಂಕಿಯನ್ನಾದರೂ ಎಡಬಲ ತಾಳೆ ನೋಡಬೇಕು.

ಇಷ್ಟಕ್ಕೂ ಕೈಯಲ್ಲಿರುವುದು ಯಾವ ಪತ್ರ? ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಬರುವ ಪತ್ರ ಒಂದು, ಸಚಿವಾಲಯದ ನಮೂನೆಯಲ್ಲಿ ದಾಖಲಾಗುವ ಪತ್ರ ಇನ್ನೊಂದು. ಕರಾರು ಪತ್ರದಲ್ಲಿರುವುದಕ್ಕಿಂತ ಕಡಿಮೆ ಆಗುವಂತಿಲ್ಲ ಎಂದು ಕಾನೂನು ಹೇಳುವುದು ಎರಡನೆಯದರ ಬಗ್ಗೆ. ಮೊದಲನೆಯದರಲ್ಲಿ ಚೆಂದದ ಅಂಕಿ ಬರೆದು ಎರಡನೆಯದರಲ್ಲಿ ಬೇರೆ ಅಂಕಿ ತುಂಬುವುದು ಹಳೆಯ ವಿದ್ಯೆ. ಏಜೆನ್ಸಿಯ ಹೆಸರಿನಲ್ಲೇ ಪತ್ರ ಕೊಟ್ಟು, ಕೆಲಸ ಕೊಡುವ ಕಂಪನಿಯ ಹೆಸರನ್ನೇ ಹಾಕದಿರುವುದು ಅದಕ್ಕಿಂತ ಕೆಟ್ಟದ್ದು. 2019ರಲ್ಲಿ ಕರಾವಳಿಯ ಹಲವು ಯುವಕರು ಕುವೈತ್‌ಗೆ ಹೋಗಿ, ಹೇಳಿದ ಕೆಲಸವೂ ಸಂಬಳವೂ ಸಿಗದೆ ಸಿಕ್ಕಿಕೊಂಡು, ವಿಡಿಯೊ ಮಾಡಿ ಊರಿಗೆ ಮೊರೆಯಿಟ್ಟು ತಂಡತಂಡವಾಗಿ ಮರಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಈಗ ಸಂಬಳದ ಪಟ್ಟಿಗೆ ಬರೋಣ. ಲೆಕ್ಕ ಬಿಡಿಸಿ ತೋರಿಸಲು ಒಂದು ಪತ್ರವನ್ನು ಎದುರಿಗಿಟ್ಟುಕೊಳ್ಳುತ್ತೇನೆ. ತೀರ್ಥಹಳ್ಳಿಯಲ್ಲಿ ಬಿ.ಕಾಂ. ಮುಗಿಸಿದ ಹುಡುಗನಿಗೆ ದುಬೈಯ ಒಂದು ವ್ಯಾಪಾರಿ ಕಂಪನಿಯಲ್ಲಿ ಲೆಕ್ಕಪತ್ರ ಸಹಾಯಕನ ಕೆಲಸ ಎನ್ನೋಣ. ಒಟ್ಟು ತಿಂಗಳಿಗೆ 3,000 ದಿರ್ಹಮ್. ಒಳಗಡೆ ಬೇಸಿಕ್ 1,200, ಮನೆ ಬಾಡಿಗೆಗೆ 900, ಓಡಾಟಕ್ಕೆ 400, ಊಟಕ್ಕೆ 300, ಇತರೆ 200. ಪ್ರೊಬೇಷನ್ ಆರು ತಿಂಗಳು, ನೋಟಿಸ್ 90 ದಿನ. ಇದು ನಾನು ಕಟ್ಟಿದ ಉದಾಹರಣೆ, ಆದರೆ ಒಟ್ಟನ್ನು ಹೀಗೆ ಒಡೆದು ಬೇಸಿಕ್ಕನ್ನು ಅರ್ಧಕ್ಕಿಂತ ಕೆಳಗೆ ಇಡುವುದು ಅಲ್ಲಿ ಬಹಳ ಮಾಮೂಲು.

ಮನೆಯಲ್ಲಿ ಮೊದಲು ನಡೆಯುವುದು ಗುಣಾಕಾರ. ಒಂದು ದಿರ್ಹಮ್‌ಗೆ 24 ರೂಪಾಯಿ ಎಂದು ಹಿಡಿದರೆ 72,000. ತೆರಿಗೆ ಇಲ್ಲ, ಪಿ.ಎಫ್. ಕಡಿತ ಇಲ್ಲ ಎಂದು ಯಾರೋ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಈ ಪತ್ರದಲ್ಲಿ ಮನೆ ಬಾಡಿಗೆ ಭತ್ಯೆ ಕೊಟ್ಟಿದ್ದಾರೆ ಎಂದರೆ ಕಂಪನಿ ವಸತಿ ಕೊಡುವುದಿಲ್ಲ ಎಂದೇ ಅರ್ಥ. ಆ 900 ಉಳಿತಾಯವಲ್ಲ. ದೇರಾ, ಕರಾಮಾ ಕಡೆ ಒಂದು ಕೋಣೆಯಲ್ಲಿ ನಾಲ್ಕಾರು ಜನರ ಜೊತೆ ಒಂದು ಮಂಚಕ್ಕೆ, ಅವರ ಮಾತಿನಲ್ಲಿ ಬೆಡ್ ಸ್ಪೇಸಿಗೆ, ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. 800 ಎನ್ನೋಣ. ಮೆಸ್ಸಿನ ಊಟಕ್ಕೆ 600, ಎಲ್ಲ ವಲಯಗಳ ಮೆಟ್ರೊ ಬಸ್ ತಿಂಗಳ ಪಾಸಿಗೆ 350, ಫೋನಿಗೆ 100. ಉಳಿಯುವುದು 1,150, ನಮ್ಮ ಲೆಕ್ಕದಲ್ಲಿ 27,600 ರೂಪಾಯಿ. ಜ್ವರ, ಬಟ್ಟೆ, ವಾರದ ಒಂದು ಸಿನಿಮಾ ಇನ್ನೂ ಸೇರಿಲ್ಲ. ಬೆಂಗಳೂರಿನ ಸಂಬಳದ ಜೊತೆ ತಾಳೆ ಹಾಕಬೇಕಾದ್ದು ಈ ಅಂಕಿಯನ್ನು, 72,000ವನ್ನಲ್ಲ. ಕಂಪನಿಯೇ ವಸತಿ ಕೊಟ್ಟು 2,200 ದಿರ್ಹಮ್ ಕೊಡುವ ಪತ್ರ 3,000ದ ಪತ್ರದ ಸಮಕ್ಕೆ ನಿಲ್ಲುವುದು ಹೀಗೆ.

ಇದು ತಿಂಗಳ ಲೆಕ್ಕ. ಬೇಸಿಕ್ ಕೆಲಸ ಮಾಡುವುದು ಬೇರೆ ಕಡೆ. ಹುಡುಗರು ಸಾಮಾನ್ಯವಾಗಿ ಕೇಳುತ್ತಾರೆ: “ಮಾವ, ಬೇಸಿಕ್ಕು ಕಮ್ಮಿ ಇದ್ರೆ ನಂಗೇನು? ಕೈಗೆ ಬರೋದು ಮೂರು ಸಾವಿರವೇ ಅಲ್ವಾ?” ಹೌದು, ತಿಂಗಳ ಕೊನೆಗೆ ಬರುವುದು ಅಷ್ಟೇ. ಆದರೆ ಕಾನೂನು ಕೊಡಿಸುವ ಉಳಿದ ದುಡ್ಡಿನ ಬಹುಪಾಲು ನಿಂತಿರುವುದು ಬೇಸಿಕ್ಕಿನ ಮೇಲೆ.

ಗ್ರಾಚ್ಯುಟಿಯನ್ನೇ ನೋಡಿ. ಯು.ಎ.ಇ.ಯ ಈಗಿನ ಕಾರ್ಮಿಕ ಕಾನೂನು 2021ರದು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಒಂದು ವರ್ಷ ಸೇವೆ ತುಂಬಿದವನಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಒಂದೊಂದು ವರ್ಷಕ್ಕೆ 30 ದಿನದ ಬೇಸಿಕ್. ನಮ್ಮ ಪತ್ರದಲ್ಲಿ ದಿನದ ಬೇಸಿಕ್ 40 ದಿರ್ಹಮ್, ವರ್ಷಕ್ಕೆ 840. ಅದೇ 3,000ದಲ್ಲಿ ಬೇಸಿಕ್ 1,800 ಆಗಿದ್ದರೆ ದಿನಕ್ಕೆ 60, ವರ್ಷಕ್ಕೆ 1,260. ಐದು ವರ್ಷಕ್ಕೆ 4,200 ಮತ್ತು 6,300. ಕಂಪನಿಗೆ ತಿಂಗಳ ಖರ್ಚು ಎರಡರಲ್ಲೂ ಒಂದೇ. ಬೇಸಿಕ್ಕನ್ನು ಯಾಕೆ ಇಳಿಸುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಹನ್ನೊಂದನೆಯ ತಿಂಗಳಿಗೆ ಬಿಟ್ಟರೆ ಏನೂ ಇಲ್ಲ ಎಂಬುದೂ ಇದರಲ್ಲೇ ಅಡಗಿದೆ.

ಓವರ್‌ಟೈಮ್ ಹಾಗೆಯೇ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಬೇಸಿಕ್ಕಿನ ಗಂಟೆ ದರದ ಮೇಲೆ ಶೇ. 25 ಹೆಚ್ಚು, ರಾತ್ರಿ 10ರಿಂದ ಬೆಳಗಿನ 4ರ ನಡುವೆಯಾದರೆ ಶೇ. 50 ಹೆಚ್ಚು. 1,200ನ್ನು 30 ದಿನಕ್ಕೆ, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 5 ದಿರ್ಹಮ್, ಓವರ್‌ಟೈಮಿಗೆ 6.25. ಹುಡುಗ ಅಂದುಕೊಂಡಿರುವುದು 3,000ವನ್ನು ಭಾಗಿಸಿ ಬರುವ 12.50ರ ಮೇಲೆ ಏನೋ ಸಿಗುತ್ತದೆ ಎಂದು. ಸಿಗುವುದು ಸರಿಯಾಗಿ ಅದರ ಅರ್ಧ. ಅಂದರೆ ಹೆಚ್ಚುವರಿ ಗಂಟೆಯ ಕೆಲಸ ಮಾಮೂಲು ಗಂಟೆಗಿಂತ ಅಗ್ಗ! ಲೆಕ್ಕಪತ್ರದ ಕೆಲಸದವನಿಗೆ ತಿಂಗಳ ಕೊನೆಯ ವಾರ ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಇದು ಸಣ್ಣ ಮಾತಲ್ಲ.

ಕೆಲಸ ಬಿಡುವಾಗ ಉಳಿದ ರಜೆಯ ದುಡ್ಡೂ ಬೇಸಿಕ್ಕಿನ ಮೇಲೆಯೇ. 2023ರಿಂದ ಕಡ್ಡಾಯವಾದ ನಿರುದ್ಯೋಗ ವಿಮೆಯೂ ಅಷ್ಟೆ: ಈ ಮಟ್ಟದ ಸಂಬಳದವರು ತಿಂಗಳಿಗೆ 5 ದಿರ್ಹಮ್ ತಾವೇ ಕಟ್ಟುತ್ತಾರೆ. ಕನಿಷ್ಠ ಒಂದು ವರ್ಷ ಕಟ್ಟಿದ ಮೇಲೆ ಕಂಪನಿಯವರು ಕೆಲಸದಿಂದ ತೆಗೆದರೆ ಮೂರು ತಿಂಗಳವರೆಗೆ ಬೇಸಿಕ್ಕಿನ ಶೇ. 60 ಸಿಗುತ್ತದೆ. ನಮ್ಮ ಹುಡುಗನಿಗೆ 720. ಬೆಡ್ ಸ್ಪೇಸಿಗೂ ಸಾಲದು.

ಬೇಸಿಕ್ಕನ್ನು ಹೀಗೆ ಇಳಿಸುವುದಕ್ಕೆ ಕೆಲವು ಕಡೆ ತಡೆಯಿದೆ. ಭಾರತದ 2019ರ ವೇತನ ಸಂಹಿತೆಯಲ್ಲಿ ಭತ್ಯೆಗಳು ಒಟ್ಟಿನ ಅರ್ಧ ಮೀರಿದರೆ ಮೀರಿದ ಪಾಲನ್ನು ವೇತನ ಎಂದೇ ಎಣಿಸಬೇಕೆಂಬ ನಿಯಮವಿದೆ. ದುಬೈಯ ಆರ್ಥಿಕ ಕೇಂದ್ರವಾದ ಡಿ.ಐ.ಎಫ್.ಸಿ. ತನ್ನದೇ ಕಾನೂನಿನಲ್ಲಿ ಬೇಸಿಕ್ ಅರ್ಧಕ್ಕಿಂತ ಕಡಿಮೆ ಇರಬಾರದು ಎಂದಿದೆ. ಯು.ಎ.ಇ.ಯ ಸಾಮಾನ್ಯ ಕಾರ್ಮಿಕ ಕಾನೂನಿನಲ್ಲಿ ಅಂಥ ಗೆರೆ ಇಲ್ಲ. ಹಾಗಾಗಿ ಪತ್ರದಲ್ಲಿ ಕೆಲಸದ ಜಾಗ ಯಾವುದು, ಕಂಪನಿ ಯಾವ ಕಾನೂನಿನ ಕೆಳಗೆ ಬರುತ್ತದೆ ಎಂಬ ಸಾಲನ್ನೂ ಬಿಡದೆ ಓದಬೇಕು.

ಪ್ರೊಬೇಷನ್ನಿನ ಸಾಲು ಚಿಕ್ಕದು, ಊರಿನಲ್ಲಿ ಅದರ ಬಗ್ಗೆ ಹಬ್ಬುವ ಮಾತು ದೊಡ್ಡದು. ಆ ಆರು ತಿಂಗಳು ಸಂಬಳ ಇಲ್ಲವಂತೆ ಎಂದು ಹೆದರುವವರಿದ್ದಾರೆ. ಸಂಬಳ ಮೊದಲ ದಿನದಿಂದಲೇ ಇದೆ, ಪತ್ರದಲ್ಲಿ ಬರೆದಷ್ಟು. ಕಡಿಮೆ ಕೊಡುವ ಯೋಚನೆಯಿದ್ದರೆ ಅದು ಸಚಿವಾಲಯದ ಪತ್ರದಲ್ಲೇ ಕಾಣಬೇಕು. ಇಲ್ಲದಿರುವುದು ಬೇರೆ: ಕಾಯಿಲೆ ರಜೆಗೆ ಸಂಬಳ ಪ್ರೊಬೇಷನ್ ಮುಗಿಯುವ ತನಕ ಸಿಗುವುದಿಲ್ಲ. ಮಲೆನಾಡಿನಿಂದ ಹೋಗಿ ಜೂನ್ ಬಿಸಿಲಿಗೆ ಇಳಿದವನು ಮೊದಲ ತಿಂಗಳಲ್ಲೇ ಎರಡು ದಿನ ಮಲಗಿದರೆ ಆ ಎರಡು ದಿನದ ಕೂಲಿ ಹೋಯಿತು ಎಂದೇ ಲೆಕ್ಕ. ಆರೋಗ್ಯ ವಿಮೆ ಮಾತ್ರ ಕಂಪನಿಯದೇ ಜವಾಬ್ದಾರಿ. ದುಬೈ, ಅಬುಧಾಬಿಗಳಲ್ಲಿ ಮೊದಲೇ ಇದ್ದ ಈ ಕಡ್ಡಾಯ 2025ರ ಜನವರಿಯಿಂದ ಉಳಿದ ಎಮಿರೇಟ್‌ಗಳಿಗೂ ಬಂದಿದೆ.

ಪ್ರೊಬೇಷನ್ನಿನ ನಿಜವಾದ ತಿರುಳು ಕಾನೂನಿನ 9ನೆಯ ವಿಧಿಯಲ್ಲಿದೆ. ಆರು ತಿಂಗಳು ಮೀರುವಂತಿಲ್ಲ. ಒಂದೇ ಕಂಪನಿ ಒಬ್ಬನನ್ನು ಎರಡು ಸಲ ಪ್ರೊಬೇಷನ್ನಿನಲ್ಲಿ ಇಡುವಂತಿಲ್ಲ. ಮುಗಿಸಿ ಮುಂದುವರಿದರೆ ಆ ಅವಧಿಯೂ ಸೇವೆಗೆ ಸೇರುತ್ತದೆ. ನಡುವೆ ಸಂಬಂಧ ಕಡಿದುಕೊಳ್ಳುವುದಕ್ಕೆ ಮೂರು ದಾರಿ, ಮೂರಕ್ಕೂ ಬೇರೆ ಬೇರೆ ಗಡುವು. ಕಂಪನಿಯೇ ತೆಗೆಯುವುದಾದರೆ 14 ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ಹುಡುಗ ಊರಿಗೆ ವಾಪಸಾಗುವುದಾದರೆ ಅವನೂ ಕನಿಷ್ಠ 14 ದಿನ ಮೊದಲು ಹೇಳಬೇಕು. ಆದರೆ ಅಲ್ಲೇ ಇನ್ನೊಂದು ಕಂಪನಿ ಸೇರುವುದಾದರೆ ಒಂದು ತಿಂಗಳು. ಆಗ ಹಳೆಯ ಕಂಪನಿ ಇವನನ್ನು ಕರೆತರಲು ಮಾಡಿದ ಖರ್ಚನ್ನು ಹೊಸ ಕಂಪನಿ ತುಂಬಿಕೊಡಬೇಕು. ಊರಿಗೆ ಹೋಗುತ್ತೇನೆ ಎಂದು 14 ದಿನದಲ್ಲಿ ಬಿಟ್ಟು, ಮೂರು ತಿಂಗಳೊಳಗೆ ಹೊಸ ಕಂಪನಿಯ ಪರವಾನಗಿಯಲ್ಲಿ ಮರಳಿದರೂ ಆ ಖರ್ಚಿನ ಹೊರೆ ಹೊಸ ಕಂಪನಿಯ ಮೇಲೆಯೇ ಬೀಳುತ್ತದೆ.

ಹೇಳದೆ ಕೇಳದೆ ಬಂದುಬಿಟ್ಟರೆ? ಗಡುವಿನ ಅಷ್ಟೂ ದಿನದ ವೇತನ ಕೊಡಬೇಕಾಗುತ್ತದೆ. ನಮ್ಮ ಹುಡುಗನಿಗೆ ದಿನಕ್ಕೆ 100ರಂತೆ 14 ದಿನಕ್ಕೆ 1,400 ದಿರ್ಹಮ್. ಅದಕ್ಕಿಂತ ಭಾರವಾದದ್ದು, ದೇಶ ಬಿಟ್ಟ ದಿನದಿಂದ ಒಂದು ವರ್ಷ ಅಲ್ಲಿ ಕೆಲಸದ ಪರವಾನಗಿ ಸಿಗುವುದಿಲ್ಲ. ಮನೆ ನೆನಪಾಗಿ, ಇಲ್ಲವೇ ಅಜ್ಜಿಗೆ ಹುಷಾರಿಲ್ಲವೆಂದು ಟಿಕೆಟ್ ಮಾಡಿಕೊಂಡು ಬಂದುಬಿಡುವ ಹುಡುಗರು ಕಳೆದುಕೊಳ್ಳುವುದು ಈ ಒಂದು ವರ್ಷವನ್ನು. ಎರಡು ವಾರ ಮೊದಲು ಒಂದು ಇ-ಮೇಲ್ ಕಳಿಸಿದ್ದರೆ ಆಗುತ್ತಿತ್ತು.

ಕಂಪನಿಯ ಪತ್ರಗಳಲ್ಲಿ ಪ್ರೊಬೇಷನ್ನಿನ ಕೆಳಗೇ ಇನ್ನೊಂದು ವಾಕ್ಯ ಬರುವುದುಂಟು: ಎರಡು ವರ್ಷದೊಳಗೆ ಬಿಟ್ಟರೆ ವೀಸಾ, ವೈದ್ಯಕೀಯ ತಪಾಸಣೆ, ಟಿಕೆಟ್ ಖರ್ಚು ಕೆಲಸಗಾರನೇ ಕಟ್ಟಬೇಕು ಎಂದು. ಓದಿದವರು ಇದನ್ನು ನ್ಯಾಯವೆಂದೇ ಒಪ್ಪಿಬಿಡುತ್ತಾರೆ. ಆದರೆ ನೇಮಕದ ಖರ್ಚನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸಗಾರನಿಂದ ವಸೂಲಿ ಮಾಡಬಾರದು ಎಂದು 6ನೆಯ ವಿಧಿ ಹೇಳುತ್ತದೆ. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಷರತ್ತೂ ಹಾಗೆಯೇ ಕಾನೂನಿಗೆ ವಿರುದ್ಧ. ಇಂಥ ವಾಕ್ಯಗಳನ್ನು ಕನ್ನಡ ಮಾಡಿ ಹೇಳುವವರು ಅರ್ಥ ಹೇಳಿ ಸುಮ್ಮನಾಗಬಾರದು. ಇದು ನಿಲ್ಲುವ ಷರತ್ತೋ ಅಲ್ಲವೋ ಎಂಬುದನ್ನೂ ಹೇಳಬೇಕು.

ನೋಟಿಸ್ ಅವಧಿಗೆ ನಮ್ಮಲ್ಲಿ ಸರಳ ಮಾತೊಂದಿಲ್ಲ. ಬಿಡುತ್ತೇನೆ ಎಂದು ಬರೆದುಕೊಟ್ಟ ದಿನದಿಂದ ನಿಜವಾಗಿ ಬಿಡುವ ದಿನದವರೆಗೆ ದುಡಿಯಬೇಕಾದ ಅವಧಿ ಎಂದರೆ ಯಾರಿಗಾದರೂ ತಿಳಿಯುತ್ತದೆ. ತೆಗೆಯುವವರಿಗೂ ಬಿಡುವವರಿಗೂ ಅದು ಒಂದೇ. ಪ್ರೊಬೇಷನ್ ಮುಗಿದ ಮೇಲೆ 30 ದಿನಕ್ಕಿಂತ ಕಡಿಮೆ ಇರುವಂತಿಲ್ಲ, 90ಕ್ಕಿಂತ ಹೆಚ್ಚು ಇರುವಂತಿಲ್ಲ. ಅಷ್ಟೂ ದಿನ ಪೂರ್ತಿ ಸಂಬಳ ಉಂಟು. ತೆಗೆಯುವವರು ಕಂಪನಿಯವರಾದರೆ ಬೇರೆ ಕೆಲಸ ಹುಡುಕಲು ವಾರಕ್ಕೊಂದು ದಿನ, ಸಂಬಳವಿಲ್ಲದೆ, ಬಿಡುವು ಕೇಳಬಹುದು.

ನಮ್ಮ ಪತ್ರದಲ್ಲಿ ಇರುವುದು 90. ಕಾನೂನಿನ ಒಳಗೇ ಇದೆ, ತಪ್ಪಲ್ಲ. ಆದರೆ ಇದು ಬೇಸಿಕ್ಕಿನ ಜೊತೆ ಸೇರಿ ಏನು ಮಾಡುತ್ತದೆ ನೋಡಿ. ಎರಡು ವರ್ಷವಾದ ಮೇಲೆ ಹುಡುಗನಿಗೆ ಇನ್ನೊಂದು ಕಡೆ ಒಳ್ಳೆಯ ಕೆಲಸ ಸಿಗುತ್ತದೆ ಎನ್ನೋಣ. ಅವರು ಒಂದು ತಿಂಗಳಲ್ಲಿ ಬಾ ಎನ್ನುತ್ತಾರೆ. ಇವನು 30 ದಿನ ದುಡಿದು ಹೊರಡುತ್ತಾನೆ. ಬಾಕಿ 60 ದಿನ. ಆ ಬಾಕಿಗೆ ಕೊಡಬೇಕಾದ ಮೊತ್ತ ಕೊನೆಯ ಸಂಬಳದ ಮೇಲೆ, ಅಂದರೆ ಭತ್ಯೆಯೂ ಸೇರಿದ ಪೂರ್ತಿ 3,000ದ ಮೇಲೆ ಲೆಕ್ಕವಾಗುತ್ತದೆ: 6,000 ದಿರ್ಹಮ್. ಅವನಿಗೆ ಬರಬೇಕಾದ ಎರಡು ವರ್ಷದ ಗ್ರಾಚ್ಯುಟಿ ಬೇಸಿಕ್ಕಿನ ಮೇಲೆ: 1,680. ಕಳೆದರೆ 4,320 ದಿರ್ಹಮ್, ಲಕ್ಷ ರೂಪಾಯಿಗೂ ಮೇಲೆ, ಅವನೇ ಕೊಡಬೇಕು. ಅವನಿಗೆ ಕೊಡುವ ದುಡ್ಡಿಗೆ ಅಳತೆ ಬೇಸಿಕ್, ಅವನು ಕೊಡುವ ದುಡ್ಡಿಗೆ ಅಳತೆ ಒಟ್ಟು ಸಂಬಳ. ಪತ್ರದ ಬೇರೆ ಬೇರೆ ಪುಟದಲ್ಲಿರುವ ಎರಡು ಸಾಲು ಹೀಗೆ ಒಂದನ್ನೊಂದು ಹಿಡಿದುಕೊಂಡಿವೆ, ಮೊದಲ ಪುಟದ ಫೋಟೊ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಬೇಸಿಕ್ 1,800, ನೋಟಿಸ್ 30 ಇದ್ದಿದ್ದರೆ ಅದೇ ಹುಡುಗ ಅದೇ ದಿನ 2,520 ದಿರ್ಹಮ್ ಕೈಯಲ್ಲಿ ಹಿಡಿದು ಹೊರಡುತ್ತಿದ್ದ.

ಇನ್ನೊಂದು ಬದಿಯನ್ನೂ ಹೇಳಬೇಕು. ಅಲ್ಲಿ ಹೊಸಬನಿಗೆ 90 ದಿನದ ನೋಟಿಸ್ ಒಂದು ರೀತಿಯ ಆಸರೆಯೂ ಹೌದು. ಕಂಪನಿ ಇದ್ದಕ್ಕಿದ್ದ ಹಾಗೆ ಬಾಗಿಲು ತೋರಿಸಿದರೆ 9,000 ಕೊಡಬೇಕಾಗುತ್ತದೆ. ವಯಸ್ಸಾದ, ಸಂಸಾರ ಕರೆದೊಯ್ದ ಕೆಲಸಗಾರನಿಗೆ ನಾನು ಉದ್ದದ ನೋಟಿಸನ್ನೇ ಒಪ್ಪು ಎನ್ನುತ್ತೇನೆ. ಮೊದಲ ಕೆಲಸದ ಇಪ್ಪತ್ತೆರಡರ ಹುಡುಗ ಎರಡು ವರ್ಷಕ್ಕೆ ಕೆಲಸ ಬದಲಾಯಿಸುವುದೇ ಹೆಚ್ಚು. ಅವನಿಗೆ 30 ಇರಲಿ.

ಬೇರೆ ದೇಶಗಳ ಪತ್ರಕ್ಕೆ ಈ ಅಂಕಿಗಳನ್ನು ಒಯ್ಯಬಾರದು. ಕುವೈತ್‌ನ 2010ರ ಕಾನೂನಿನಲ್ಲಿ ಪ್ರೊಬೇಷನ್ 100 ಕೆಲಸದ ದಿನ, ತಿಂಗಳ ಸಂಬಳದವರಿಗೆ ನೋಟಿಸ್ ಮೂರು ತಿಂಗಳು. ಕತಾರ್‌ನಲ್ಲಿ ಮೊದಲ ಎರಡು ವರ್ಷ ಒಂದು ತಿಂಗಳ ನೋಟಿಸ್, ಆಮೇಲೆ ಎರಡು ತಿಂಗಳು. ಅಲ್ಲಿ 2021ರಿಂದ ಕನಿಷ್ಠ ಬೇಸಿಕ್ 1,000 ರಿಯಾಲ್ ಎಂದು ಗೊತ್ತುಮಾಡಿದ್ದಾರೆ. ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಮೇಲೆ ಸೇರಿಸಬೇಕು. ಅಂದರೆ ಬೇಸಿಕ್ಕನ್ನು ಕಾನೂನೇ ಕೆಳಗಿಂದ ಹಿಡಿದು ನಿಲ್ಲಿಸಿದೆ.

ಇಲ್ಲಿ ನಮ್ಮ ಸರ್ಕಾರದ ಪಾತ್ರದಲ್ಲಿ ಒಂದು ವಿಚಿತ್ರವಿದೆ. 1983ರ ವಲಸೆ ಕಾಯ್ದೆಯಂತೆ ಹತ್ತನೆಯ ತರಗತಿ ಮುಗಿಸದವರು ಗಲ್ಫ್‌ಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಅವರ ಕರಾರು ದಾಖಲಾಗಿ ಅಧಿಕಾರಿಗಳ ಕಣ್ಣಿಗೆ ಬೀಳುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಈ ಅನುಮತಿ ಬೇಡ. ಗಾರೆ ಕೆಲಸಕ್ಕೆ ಹೋಗುವವನ ಪತ್ರವನ್ನು ಸರ್ಕಾರದವರು ಒಬ್ಬರಾದರೂ ನೋಡಿರುತ್ತಾರೆ, ಬಿ.ಕಾಂ. ಹುಡುಗನ ಪತ್ರವನ್ನು ನೋಡುವುದು ಮನೆಯವರು ಮಾತ್ರ. ಓದಿದವನಿಗೆ ಓದಲು ಬರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ನಂಬಿಕೆ ಪೂರ್ತಿ ತಪ್ಪಲ್ಲ, ಆದರೆ ಬಿ.ಕಾಂ. ಪಠ್ಯದಲ್ಲಿ ಯು.ಎ.ಇ. ಕಾನೂನಿನ 9ನೆಯ ವಿಧಿ ಇರುವುದಿಲ್ಲ.

ಏಜೆನ್ಸಿ ಮೂಲಕ ಹೋಗುವುದಾದರೆ ಅವರ ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿ.ಎಸ್.ಟಿ.ಗಿಂತ ಹೆಚ್ಚು ಪಡೆಯುವಂತಿಲ್ಲ, ಪಡೆದದ್ದಕ್ಕೆ ರಸೀದಿ ಕೊಡಬೇಕು. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಬದಲಾಯಿಸೋಣ ಎನ್ನುವವರ ಮಾತು ಕೇಳಿದರೆ ಈವರೆಗೆ ಹೇಳಿದ ಯಾವ ವಿಧಿಯೂ ಕೈಗೆ ಬರುವುದಿಲ್ಲ. ಕೆಲಸದ ಪರವಾನಗಿ ಆಗುವವರೆಗೆ ಆ ಕಾನೂನಿನ ಲೆಕ್ಕದಲ್ಲಿ ಅವನು ಪ್ರವಾಸಿ, ನೌಕರನಲ್ಲ.

ಸಹಿ ಹಾಕುವ ಮೊದಲು ಕೇಳಬೇಕಾದ್ದನ್ನು ಕಂಪನಿಗೇ ಇ-ಮೇಲ್‌ನಲ್ಲಿ ಕೇಳುವುದು ಒಳ್ಳೆಯದು, ಫೋನಿನಲ್ಲಿ ಅಲ್ಲ. ಒಟ್ಟು ಅದೇ ಇಟ್ಟು ಬೇಸಿಕ್ಕನ್ನು 1,800 ಮಾಡುತ್ತೀರಾ? ನೋಟಿಸ್ 30 ದಿನ ಮಾಡುತ್ತೀರಾ? ಸಚಿವಾಲಯದ ನಮೂನೆಯ ಪತ್ರವನ್ನು ವೀಸಾಗೆ ಮೊದಲು ಕಳಿಸುತ್ತೀರಾ? ಹೊಸಬನ ಮಾತಿಗೆ ಬೇಸಿಕ್ ಏರಿಸುವ ಕಂಪನಿಗಳು ಕಡಿಮೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ನೋಟಿಸ್ ದಿನ ಇಳಿಸಲು ಅವರಿಗೆ ತಕ್ಷಣದ ಖರ್ಚಿಲ್ಲ, ಆದ್ದರಿಂದ ಕೇಳಿ ನೋಡುವುದಕ್ಕೆ ಹೆಚ್ಚು ತಕ್ಕುದು ಅದೇ. ಮೂರನೆಯದಕ್ಕೆ ಇಲ್ಲ ಎಂದರೆ, ಇಲ್ಲವೇ ವಾರಗಟ್ಟಲೆ ಉತ್ತರ ಬಾರದಿದ್ದರೆ, ಟಿಕೆಟ್ ಮಾಡಿಸುವುದನ್ನು ನಿಲ್ಲಿಸಬೇಕು. ಅಲ್ಲಿಗೆ ಹೋದ ಮೇಲೆ ಜಗಳ ಬಂದರೆ ದೂರು ಕೊಡಲು ಕೆಲಸ ಮುಗಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. 2024ರ ತಿದ್ದುಪಡಿಗೆ ಮೊದಲು ಅದು ಒಂದೇ ವರ್ಷವಿತ್ತು. 50,000 ದಿರ್ಹಮ್ ಒಳಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸಬಲ್ಲದು. ಆಗ ಅವರು ಕೇಳುವುದು ದಾಖಲಾದ ಪತ್ರವನ್ನು, ಬ್ಯಾಂಕಿಗೆ ಬಂದ ಸಂಬಳದ ವಿವರವನ್ನು, ಕಂಪನಿ ಉತ್ತರಿಸಿದ ಆ ಇ-ಮೇಲನ್ನು.